ಶಾಲಾ ಕೊಠಡಿಗೆ ಶಾಸಕರ ಅನುದಾನ: ಪತ್ರ ಬರೆಯುವ ಮುನ್ನ, ಬರೆದ ಮೇಲೆ

ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ಹೋಬಳಿಯ ಒಂದು ಹಳ್ಳಿಯಲ್ಲಿ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ ಇದೆ ಎಂದುಕೊಳ್ಳಿ. ಒಂದರಿಂದ ಐದನೇ ತರಗತಿಯವರೆಗೆ 86 ಮಕ್ಕಳು, ಮೂವರು ಶಿಕ್ಷಕರು, ಬಳಸಲು ಯೋಗ್ಯವಾದ ಕೊಠಡಿ ಎರಡೇ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು ಶಾಸಕರ ಅನುದಾನ ಕೇಳಲು ತೀರ್ಮಾನಿಸುತ್ತಾರೆ. ಯಾರಿಗೆ ಬರೆಯಬೇಕು? ತಾಲ್ಲೂಕು ಚಳ್ಳಕೆರೆಯಾದ್ದರಿಂದ ಚಳ್ಳಕೆರೆ ಶಾಸಕರಿಗೆ ಎಂದು ಹೊರಟರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ನಾಯಕನಹಟ್ಟಿ ಮತ್ತು ತಳಕು ಹೋಬಳಿಗಳು ಕಂದಾಯದ ಲೆಕ್ಕದಲ್ಲಿ ಚಳ್ಳಕೆರೆ ತಾಲ್ಲೂಕಿಗೆ ಸೇರಿದ್ದರೂ, 2008ರಲ್ಲಿ ಜಾರಿಗೆ ಬಂದ ಕ್ಷೇತ್ರ ಪುನರ್ವಿಂಗಡಣೆಯಂತೆ ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರದಲ್ಲಿವೆ. ಚಿತ್ರದುರ್ಗ ತಾಲ್ಲೂಕಿನ ತುರುವನೂರು ಹೋಬಳಿ ಚಳ್ಳಕೆರೆ ಕ್ಷೇತ್ರದಲ್ಲಿದೆ. ಹೀಗಾಗಿ ಈ ಹಳ್ಳಿಯವರ ಕ್ಷೇತ್ರ ಶಿಕ್ಷಣಾಧಿಕಾರಿ ಚಳ್ಳಕೆರೆಯಲ್ಲಿ, ಶಾಸಕರು ಮೊಳಕಾಲ್ಮುರಿನವರು. ಪತ್ರ ಒಬ್ಬರಿಗೆ, ಪ್ರತಿ ಇನ್ನೊಬ್ಬರಿಗೆ ಹೋಗಬೇಕು.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಕರ್ನಾಟಕದ ಪ್ರತಿ ಶಾಸಕರ ಹೆಸರಿನಲ್ಲಿ ವರ್ಷಕ್ಕೆ 2 ಕೋಟಿ ರೂಪಾಯಿ ಇರುತ್ತದೆ. ಹಣ ಶಾಸಕರ ಕೈಗೆ ಬರುವುದಿಲ್ಲ, ಜಿಲ್ಲಾಧಿಕಾರಿಗಳ ಖಾತೆಯಲ್ಲಿರುತ್ತದೆ. ಶಾಸಕರು ಶಿಫಾರಸು ಮಾಡುತ್ತಾರೆ. ಪರಿಶೀಲಿಸಿ ಮಂಜೂರು ಮಾಡುವವರು, ಕೆಲಸ ಯಾವ ಸಂಸ್ಥೆಗೆ ಎಂದು ಗೊತ್ತುಪಡಿಸುವವರು ಜಿಲ್ಲಾಧಿಕಾರಿಗಳು. ಸಂಸದರ ಇಂಥದ್ದೇ ನಿಧಿಯನ್ನು ಪ್ರಶ್ನಿಸಿದ್ದ ಭೀಮ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2010ರಲ್ಲಿ ಯೋಜನೆಯನ್ನು ಎತ್ತಿಹಿಡಿಯುವಾಗ ಒತ್ತಿ ಹೇಳಿದ್ದೂ ಇದನ್ನೇ: ಜನಪ್ರತಿನಿಧಿಯದು ಶಿಫಾರಸು, ಅನುಷ್ಠಾನ ಆಡಳಿತದ್ದು. ಆದ್ದರಿಂದ ನಮ್ಮ ಪತ್ರ ಶಾಸಕರ ಮನಸ್ಸನ್ನು ಒಪ್ಪಿಸಿದರೆ ಸಾಲದು, ಜಿಲ್ಲಾಧಿಕಾರಿ ಕಚೇರಿಯ ಗುಮಾಸ್ತರ ಮೇಜಿನ ಮೇಲೂ ನಿಲ್ಲಬೇಕು.

ಶಾಸಕರ ಅನುದಾನ ಕೇಳುವುದು ವಿನಂತಿಯೇ ಹೊರತು ಹಕ್ಕಲ್ಲ. ಕೊಡಲೇಬೇಕೆಂದು ಒತ್ತಾಯಿಸುವ ಕಾನೂನಿಲ್ಲ. ಆದರೆ ಕೊಠಡಿ ಮಾತ್ರ ಮಕ್ಕಳ ಹಕ್ಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 8 ಮತ್ತು 9ನೇ ಕಲಂಗಳು ಶಾಲಾ ಕಟ್ಟಡ ಒದಗಿಸುವ ಹೊಣೆಯನ್ನು ಸರ್ಕಾರ ಮತ್ತು ಸ್ಥಳೀಯ ಪ್ರಾಧಿಕಾರದ ಮೇಲೆ ಹೊರಿಸಿವೆ. ಕಾಯ್ದೆಯ ಅನುಸೂಚಿಯ ಪ್ರಕಾರ ಐದನೇ ತರಗತಿಯವರೆಗಿನ ಶಾಲೆಯಲ್ಲಿ 61ರಿಂದ 90 ಮಕ್ಕಳಿಗೆ ಮೂವರು ಶಿಕ್ಷಕರಿರಬೇಕು, ಪ್ರತಿ ಶಿಕ್ಷಕರಿಗೆ ಕನಿಷ್ಠ ಒಂದು ಕೊಠಡಿ ಇರಬೇಕು. ನಮ್ಮ ಶಾಲೆಯಲ್ಲಿ ಮೂವರು ಶಿಕ್ಷಕರಿಗೆ ಎರಡು ಕೊಠಡಿ. ಕೊರತೆ ಒಂದು. ಪತ್ರದಲ್ಲಿ ಈ ಲೆಕ್ಕವನ್ನು ಎರಡು ಸಾಲಿನಲ್ಲಿ ಬರೆದರೆ ಸಾಕು. ಮಕ್ಕಳು ಮರದ ಕೆಳಗೆ ಕೂರುತ್ತಾರೆ ಎಂಬ ವರ್ಣನೆಗಿಂತ ಅದಕ್ಕೆ ತೂಕ ಹೆಚ್ಚು.

ಇನ್ನು ಅಂದಾಜುಪಟ್ಟಿ. ಊರಿನವರು ಇಲ್ಲಿಯೇ ಹೆಚ್ಚು ಎಡವುತ್ತಾರೆ. ಗಾರೆ ಮೇಸ್ತ್ರಿಯನ್ನು ಕೇಳಿ ಹತ್ತು ಲಕ್ಷ ಎಂದು ಬರೆದುಕೊಂಡು ಹೋದ ಎಸ್ಟಿಮೇಟಿಗೆ ಕಚೇರಿಯಲ್ಲಿ ಬೆಲೆಯಿಲ್ಲ. ಪಂಚಾಯತ್ ರಾಜ್ ಎಂಜಿನಿಯರಿಂಗ್ ಉಪವಿಭಾಗದ ಎಂಜಿನಿಯರ್ ಸ್ಥಳ ನೋಡಿ, ಚಾಲ್ತಿಯಲ್ಲಿರುವ ಸರ್ಕಾರಿ ದರಪಟ್ಟಿಯಂತೆ ತಯಾರಿಸಿ ಸಹಿ ಮಾಡಿದ್ದೇ ಎಸ್ಟಿಮೇಟ್. ಅದಕ್ಕಾಗಿ ಮೊದಲು ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಮನವಿ ಕೊಟ್ಟು, ಅವರ ಕಚೇರಿಯಿಂದ ಉಪವಿಭಾಗಕ್ಕೆ ಪತ್ರ ಹೋಗುವಂತೆ ನೋಡಿಕೊಳ್ಳಿ. ಆದರೂ ಪಟ್ಟಿಯನ್ನು ಓದಲು ಸಮಿತಿಯವರಿಗೆ ಬರಬೇಕು. ಅದಕ್ಕೊಂದು ಮಾದರಿ ನೋಡೋಣ. ಇದರಲ್ಲಿನ ಹಣದ ಅಂಕಿಗಳು ಲೆಕ್ಕ ತಿಳಿಯಲು ಇಟ್ಟುಕೊಂಡವು, ನಿಮ್ಮೂರಿನ ದರವಲ್ಲ.

ಕೊಠಡಿಯ ಒಳ ಅಳತೆ 7.2 ಮೀಟರ್ ಉದ್ದ, 6 ಮೀಟರ್ ಅಗಲ. ಮುಂದೆ 2 ಮೀಟರ್ ಅಗಲದ ಜಗಲಿ. ಗೋಡೆಯ ದಪ್ಪವೂ ಸೇರಿ ಒಟ್ಟು ಸುಮಾರು 64.8 ಚದರ ಮೀಟರ್, ಅಂದರೆ 697 ಚದರ ಅಡಿ.

ಪಾಯ ಮತ್ತು ತಳಪಾಯದ ಮಟ್ಟದವರೆಗೆ: 2,60,000
ಕಂಬ, ಗೋಡೆ, ಲಿಂಟಲ್, ಆರ್.ಸಿ.ಸಿ. ಚಾವಣಿ: 4,90,000
ಗಿಲಾವು, ನೆಲಹಾಸು, ಬಣ್ಣ: 2,10,000
ಬಾಗಿಲು, ಕಿಟಕಿ, ಕಪ್ಪುಹಲಗೆ: 90,000
ವಿದ್ಯುತ್ ಕೆಲಸ: 40,000
ಇಳಿಜಾರು ದಾರಿ ಇತ್ಯಾದಿ: 30,000
ಕಾಮಗಾರಿಯ ಮೊತ್ತ: 11,20,000
ಜಿ.ಎಸ್.ಟಿ. ಶೇ 18: 2,01,600
ಕಾರ್ಮಿಕ ಕಲ್ಯಾಣ ಸೆಸ್ ಶೇ 1: 11,200
ಇತರೆ ಮತ್ತು ಅನಿರೀಕ್ಷಿತ ವೆಚ್ಚ ಶೇ 3: 33,600
ಒಟ್ಟು: 13,66,400 ರೂಪಾಯಿ

ಮೊದಲು ನೋಡಬೇಕಾದ್ದು ತೆರಿಗೆಯ ಸಾಲು. ಸರ್ಕಾರಿ ಕಟ್ಟಡ ಕಾಮಗಾರಿಗಳ ಜಿ.ಎಸ್.ಟಿ. 2022ರ ಜುಲೈನಲ್ಲಿ ಶೇ 12ರಿಂದ ಶೇ 18ಕ್ಕೆ ಏರಿತು. ಹಳೆಯ ಎಸ್ಟಿಮೇಟಿನ ದಿನಾಂಕ ಮಾತ್ರ ತಿದ್ದಿ ಕೊಟ್ಟಿದ್ದರೆ ಈ ಸಾಲಿನಲ್ಲಿ ಸಿಕ್ಕಿಬೀಳುತ್ತದೆ. ಆಮೇಲೆ ಒಂದು ಪ್ರಮಾಣವನ್ನಾದರೂ ನೀವೇ ಗುಣಿಸಿ ನೋಡಿ. ಚಾವಣಿಯ ವಿಸ್ತೀರ್ಣ 64.8 ಚದರ ಮೀಟರ್, ದಪ್ಪ ಐದು ಇಂಚು ಅಂದರೆ 0.125 ಮೀಟರ್. ಗುಣಿಸಿದರೆ 8.1 ಘನ ಮೀಟರ್ ಕಾಂಕ್ರೀಟ್. ಸಜ್ಜಾ, ಅಂಚು ಸೇರಿದರೆ ಸ್ವಲ್ಪ ಹೆಚ್ಚಾದೀತು. ಪಟ್ಟಿಯಲ್ಲಿ ಚಾವಣಿಗೆ 5 ಘನ ಮೀಟರ್ ಎಂದಿದ್ದರೆ ಜಗಲಿಯನ್ನು ಬಿಟ್ಟಿದ್ದಾರೆ ಅಥವಾ ಬೇರೆ ನಕ್ಷೆಯ ಲೆಕ್ಕ ಹಾಕಿದ್ದಾರೆ ಎಂದರ್ಥ. 13 ಎಂದಿದ್ದರೆ ಏಕೆ ಎಂದು ಕೇಳಲೇಬೇಕು.

ಈ ಸೀಮೆಗೆ ಮಣ್ಣಿನ ವಿಷಯವೂ ಮುಖ್ಯ. ಒಂದೂರು ಕೆಂಪು ಮಸಾರಿ ನೆಲವಾದರೆ ಪಕ್ಕದೂರು ಎರೆ ನೆಲ. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಮಸಾರಿ ನೆಲಕ್ಕೆ ಹಾಕಿದ ಪಾಯವನ್ನೇ ಎರೆ ನೆಲದಲ್ಲಿ ಹಾಕಿದರೆ ಕೆಲವೇ ವರ್ಷಗಳಲ್ಲಿ ಗೋಡೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುತ್ತದೆ. ಎಂಜಿನಿಯರ್ ಬಂದ ದಿನ ಗುಂಡಿ ತೋಡಿಸಿ ಮಣ್ಣು ತೋರಿಸಿ. ಕಚೇರಿಯಲ್ಲೇ ಕುಳಿತು ಮಾದರಿ ನಕ್ಷೆಯ ಮೊತ್ತ ಬರೆದಿದ್ದರೆ ಪಾಯದ ಸಾಲಿನಲ್ಲಿ ಹಣ ಕಡಿಮೆ ಬಿದ್ದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ.

ಅರ್ಧಕ್ಕೆ ನಿಲ್ಲುವ ಮಾತು ಬಂತು. ಈ ಲೇಖನದಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದೂ ಇದನ್ನೇ. ನಮ್ಮ ಕೊಠಡಿಯ ಮೊತ್ತ ಶಾಸಕರ ಇಡೀ ವರ್ಷದ ನಿಧಿಯ ಸುಮಾರು ಶೇ 7. ಕ್ಷೇತ್ರದ ಹಳ್ಳಿ, ಹಟ್ಟಿ, ತಾಂಡಾಗಳೆಲ್ಲ ಕೇಳುವಾಗ ಎಲ್ಲರಿಗೂ ಸ್ವಲ್ಪ ಸ್ವಲ್ಪ ಎಂದು ನಿಮಗೆ ಐದು ಲಕ್ಷ ಬರೆದುಕೊಡುವ ಸಾಧ್ಯತೆ ಹೆಚ್ಚು. ಊರಿನವರು ಸಂತೋಷದಿಂದ ಒಪ್ಪಿಕೊಳ್ಳುತ್ತಾರೆ. ಆ ಐದು ಲಕ್ಷ ಎಲ್ಲಿಯವರೆಗೆ ಬರುತ್ತದೆ? ಶೇ 22ರಷ್ಟು ತೆರಿಗೆ ಮತ್ತಿತರ ಬಾಬ್ತು ಸೇರಿದ ಮೊತ್ತವಾದ್ದರಿಂದ ಅದರಲ್ಲಿ ಕೆಲಸಕ್ಕೆ ಸಿಗುವುದು ಸುಮಾರು 4,10,000. ಪಾಯಕ್ಕೆ 2,60,000 ಹೋದರೆ ಉಳಿಯುವುದು ಒಂದೂವರೆ ಲಕ್ಷ. ಕಂಬ, ಗೋಡೆ, ಚಾವಣಿಗೆ ಬೇಕಾದ್ದು 4,90,000. ಅಂದರೆ ಗೋಡೆ ಲಿಂಟಲ್ ಹತ್ತಿರ ನಿಂತು, ಕಬ್ಬಿಣದ ಕಂಬಿಗಳು ಬಿಸಿಲು ಮಳೆಗೆ ತುಕ್ಕು ಹಿಡಿಯುತ್ತವೆ. ಮುಂದಿನ ವರ್ಷ ದರವೂ ಏರಿರುತ್ತದೆ. ಮಕ್ಕಳಿಗೆ ಕೊಠಡಿಯಂತೂ ಇಲ್ಲ, ಕಾಗದದಲ್ಲಿ ಮಾತ್ರ ಕೊಠಡಿ ಮಂಜೂರಾದ ಶಾಲೆ ಎಂದಾಗಿ ಬೇರೆ ಯೋಜನೆಯ ಬಾಗಿಲೂ ಮುಚ್ಚಬಹುದು.

ಹಾಗಾಗಿ ಪತ್ರದಲ್ಲೇ ಪೂರ್ಣ ಮೊತ್ತ ಕೇಳಿ. ಪೂರ್ಣ ಕೊಡಲಾಗದಿದ್ದರೆ ಉಳಿದದ್ದು ಎಲ್ಲಿಂದ ಎಂಬುದಕ್ಕೆ ಲಿಖಿತ ಒಪ್ಪಿಗೆ ಜೊತೆಗಿಡಿ. ವಿಧಾನ ಪರಿಷತ್ ಸದಸ್ಯರಿಗೂ ಇದೇ ನಿಧಿ ಇದೆ. ಚಿತ್ರದುರ್ಗ ಜಿಲ್ಲೆ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದ್ದು, ಆ ಸದಸ್ಯರಿಗೆ ಶಾಲೆಯ ಕೋರಿಕೆ ಹೊಸದಲ್ಲ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ; ಅದರಲ್ಲಿ ಶೇ 15 ಪರಿಶಿಷ್ಟ ಜಾತಿ, ಶೇ 7.5 ಪರಿಶಿಷ್ಟ ಪಂಗಡದ ಜನವಸತಿಗಳಿಗೆ ಮೀಸಲು. ನಾಯಕ ಸಮುದಾಯದ ಹಟ್ಟಿಗಳು ಹೆಚ್ಚಿರುವ ಈ ಸೀಮೆಯಲ್ಲಿ ಮಕ್ಕಳ ಸಂಖ್ಯೆಯನ್ನು ವರ್ಗವಾರು ಬರೆಯುವುದು ಅದಕ್ಕಾಗಿಯೇ.

ಪತ್ರ ಹೀಗಿರಲಿ.

ಇವರಿಗೆ: ಮಾನ್ಯ ಶಾಸಕರು, ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರ.
ವಿಷಯ: ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, (ಗ್ರಾಮ), ನಾಯಕನಹಟ್ಟಿ ಹೋಬಳಿ, ಚಳ್ಳಕೆರೆ ತಾಲ್ಲೂಕು – ಒಂದು ತರಗತಿ ಕೊಠಡಿ ನಿರ್ಮಾಣಕ್ಕೆ ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ 13,66,400 ರೂ. ಶಿಫಾರಸು ಕೋರಿ.

ಮಾನ್ಯರೇ, ನಮ್ಮ ಶಾಲೆಯಲ್ಲಿ 86 ಮಕ್ಕಳು, ಮೂವರು ಶಿಕ್ಷಕರಿದ್ದು ಎರಡು ಕೊಠಡಿಗಳು ಮಾತ್ರ ಬಳಕೆಯಲ್ಲಿವೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಇನ್ನೊಂದು ಕೊಠಡಿ ಅವಶ್ಯವಿದೆ. ನಿವೇಶನವು ಶಾಲೆಯ ಹೆಸರಿನಲ್ಲಿದ್ದು ವಿವಾದವಿರುವುದಿಲ್ಲ. ಇದೇ ಕೊಠಡಿಗೆ ಬೇರೆ ಯಾವ ಯೋಜನೆಯಲ್ಲೂ ಅನುದಾನ ಮಂಜೂರಾಗಿರುವುದಿಲ್ಲ ಎಂದು ಕ್ಷೇತ್ರ ಶಿಕ್ಷಣಾಧಿಕಾರಿಗಳು ದೃಢೀಕರಿಸಿದ್ದಾರೆ. ಎಂಜಿನಿಯರ್ ಸಹಿ ಮಾಡಿದ ಅಂದಾಜುಪಟ್ಟಿ ಲಗತ್ತಿಸಿದೆ. ಪೂರ್ಣ ಮೊತ್ತವನ್ನು ಒಂದೇ ಕಾಮಗಾರಿಯಾಗಿ ಜಿಲ್ಲಾಧಿಕಾರಿಗಳಿಗೆ ಶಿಫಾರಸು ಮಾಡಬೇಕಾಗಿ ಕೋರುತ್ತೇವೆ.

ಸಹಿ ಸಮಿತಿಯ ಅಧ್ಯಕ್ಷರದು. ಅವರು ಪೋಷಕರೇ ಆಗಿರುತ್ತಾರೆ. ಮುಖ್ಯ ಶಿಕ್ಷಕರು ಸರ್ಕಾರಿ ನೌಕರರಾದ್ದರಿಂದ ತಮ್ಮ ಪ್ರಸ್ತಾವವನ್ನು ಇಲಾಖೆಯ ಮೂಲಕವೇ ಕಳುಹಿಸಲಿ. ಸಮಿತಿಯ ನಿರ್ಣಯ, ಮಕ್ಕಳ ಸಂಖ್ಯೆ, ನಿವೇಶನದ ದಾಖಲೆ, ನಕ್ಷೆ, ಎಸ್ಟಿಮೇಟ್, ಫೋಟೊ ಜೊತೆಗಿರಲಿ. ಹಳೆ ಕೊಠಡಿ ಕೆಡವುವುದಿದ್ದರೆ ಅದು ಶಿಥಿಲವೆಂಬ ಎಂಜಿನಿಯರ್ ವರದಿಯೂ ಬೇಕು.

ಇವುಗಳಲ್ಲಿ ಕಡತವನ್ನು ನಿಲ್ಲಿಸುವುದು ಬಹುತೇಕ ನಿವೇಶನದ ದಾಖಲೆ. ಯಾರೋ ಹಿರಿಯರು ಬಾಯಿಮಾತಿನಲ್ಲಿ ಶಾಲೆಗೆ ಬಿಟ್ಟುಕೊಟ್ಟ ಜಾಗ ಪಹಣಿಯಲ್ಲಿ ಇಂದಿಗೂ ಅವರ ಹೆಸರಿನಲ್ಲೇ ಇರುತ್ತದೆ. ಮೊಮ್ಮಕ್ಕಳ ಕಾಲಕ್ಕೆ ತಕರಾರು ಏಳುತ್ತದೆ. ಜಮೀನಾದರೆ ಪಹಣಿ, ಗ್ರಾಮಠಾಣವಾದರೆ ಪಂಚಾಯಿತಿಯ ಇ-ಸ್ವತ್ತು ನಮೂನೆ ತೆಗೆಸಿ ನೋಡಿ. ಹೆಸರು ಶಾಲೆಯದಲ್ಲದಿದ್ದರೆ ನೋಂದಾಯಿತ ದಾನಪತ್ರ ಮಾಡಿಸುವುದೇ ಮೊದಲ ಕೆಲಸ, ಶಾಸಕರ ಪತ್ರ ಆಮೇಲೆ.

ಪತ್ರ ಕೊಟ್ಟಾಗ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಶಾಸಕರು ಜಿಲ್ಲಾಧಿಕಾರಿಗಳಿಗೆ ಬರೆದ ಶಿಫಾರಸು ಪತ್ರದ ಸಂಖ್ಯೆ, ದಿನಾಂಕ ಕೇಳಿ ಪಡೆಯಿರಿ. ಆ ಸಂಖ್ಯೆಯಿಲ್ಲದೆ ಚಿತ್ರದುರ್ಗದ ಕಚೇರಿಯಲ್ಲಿ ಕಡತ ಹುಡುಕುವುದು ಕಷ್ಟ. ಚುನಾವಣಾ ನೀತಿ ಸಂಹಿತೆ ಜಾರಿಯಾದರೆ ಹೊಸ ಬಿಡುಗಡೆ ನಿಲ್ಲುತ್ತದೆ; ಕಾರ್ಯಾದೇಶ ಸಿಕ್ಕಿದ್ದರೂ ನೆಲದ ಮೇಲೆ ಆರಂಭವಾಗದ ಕೆಲಸವನ್ನು ಆಗ ಶುರು ಮಾಡುವಂತಿಲ್ಲ.

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಜಿಲ್ಲಾಧಿಕಾರಿ ಕಚೇರಿಯ ಸಾರ್ವಜನಿಕ ಮಾಹಿತಿ ಅಧಿಕಾರಿಗೆ 10 ರೂಪಾಯಿ ಶುಲ್ಕದೊಂದಿಗೆ, ಒಂದೇ ವಿಷಯಕ್ಕೆ ಸೀಮಿತವಾಗಿ, 150 ಪದ ಮೀರದಂತೆ ಬರೆಯಬೇಕು. ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಈ ವರ್ಷ ಮೊಳಕಾಲ್ಮುರು ಕ್ಷೇತ್ರದ ನಿಧಿಯಲ್ಲಿ ಶಿಫಾರಸಾದ ಕಾಮಗಾರಿಗಳ ಪಟ್ಟಿ, ಬಿಡುಗಡೆಯಾದ ಮೊತ್ತ, ಉಳಿಕೆ ಕೇಳಿ. 30 ದಿನದೊಳಗೆ ಉತ್ತರ ಬರಬೇಕು, ಇಲ್ಲವಾದರೆ ಮೇಲ್ಮನವಿ.

ಅನುದಾನ ಸಿಗಲೇ ಇಲ್ಲವಾದರೂ ದಾರಿ ಮುಚ್ಚುವುದಿಲ್ಲ. ಅದೇ ಎಸ್ಟಿಮೇಟ್, ಅದೇ ಮಕ್ಕಳ ಲೆಕ್ಕವನ್ನಿಟ್ಟು ಶಿಕ್ಷಣ ಹಕ್ಕು ಕಾಯ್ದೆಯ 32ನೇ ಕಲಮಿನಡಿ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಡಿ. ಅದನ್ನು ಮೂರು ತಿಂಗಳೊಳಗೆ ಇತ್ಯರ್ಥಪಡಿಸಬೇಕು. ಅಲ್ಲಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು.