ಪರಿಚಯದ ಮೇಲ್ ಬಂದಿದೆ, ಉತ್ತರ ಬರೆಯುವುದು ಹೇಗೆ?

ಗುಡೇಮಾರನಹಳ್ಳಿಯಲ್ಲಿ ಅಪ್ಪನ ಜೊತೆ ಮಾವಿನ ತೋಟ ನೋಡಿಕೊಳ್ಳುವ ಒಬ್ಬ ಹುಡುಗ ಇದ್ದಾನೆ ಎಂದಿಟ್ಟುಕೊಳ್ಳಿ. ಹಣ್ಣನ್ನೆಲ್ಲ ಮಂಡಿಗೆ ಹಾಕುವ ಬದಲು ಒಂದಷ್ಟನ್ನು ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಗೆ ನೇರವಾಗಿ ಕೊಡಬೇಕೆಂಬುದು ಅವನ ಯೋಚನೆ. ಕಾಲೇಜಿನಲ್ಲಿ ಪಾಠ ಹೇಳಿದ ಮೇಷ್ಟ್ರೊಬ್ಬರು ತಾವು ವಾಸವಿರುವ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಗೂ ಇವನಿಗೂ ಸೇರಿಸಿ ಒಂದೇ ಮೇಲ್ ಹಾಕಿದ್ದಾರೆ: ‘ಮೇಡಂ, ಇವನು ನನ್ನ ಶಿಷ್ಯ. ಇವರ ತೋಟದ ಬಾದಾಮಿ ನಾನು ತಿಂದಿದ್ದೇನೆ, ಚೆನ್ನಾಗಿರುತ್ತೆ. ಮುಂದಿನದು ನೀವಿಬ್ಬರೂ ಮಾತಾಡಿಕೊಳ್ಳಿ.’

ಈಗ ಬರೆಯಬೇಕಾದವನು ಹುಡುಗ. ಕೆಲಸ ಯಾರಿಗೆ ಆಗಬೇಕೋ ಅವರೇ ಮೊದಲು ಉತ್ತರಿಸುವುದು ಈ ಥರದ ಪತ್ರಗಳ ರೂಢಿ. ಮೇಡಂ ಬರೆಯಲಿ ಎಂದು ಕಾದರೆ ಮೇಡಂ ಇವನು ಬರೆಯಲಿ ಎಂದು ಕಾಯುತ್ತಾರೆ, ಮೇಲ್ ಕೆಳಗೆ ಹೋಗುತ್ತದೆ. ಅದೇ ದಿನ, ತೀರಾ ಆಗದಿದ್ದರೆ ಮರುದಿನ ಮಧ್ಯಾಹ್ನದೊಳಗೆ ಉತ್ತರ ಹೋಗಬೇಕು. ಮಾವಿನ ವಿಷಯದಲ್ಲಂತೂ ತಡಕ್ಕೆ ಜಾಗವೇ ಇಲ್ಲ. ರಾಮನಗರ, ಮಾಗಡಿ ಕಡೆಯ ಹಣ್ಣು ಕೋಲಾರ, ಶ್ರೀನಿವಾಸಪುರದ್ದಕ್ಕಿಂತ ಮೊದಲೇ ಮಾರುಕಟ್ಟೆಗೆ ಬರುತ್ತದೆ. ಆ ಮುಂಚಿನ ಕೆಲವು ವಾರಗಳೇ ನಮ್ಮವರಿಗೆ ಸಿಗುವ ಲಾಭ.

ಹೆಚ್ಚಿನವರು ಎಡವುವುದು ಪತ್ರದ ಒಕ್ಕಣೆಯಲ್ಲಲ್ಲ, ಬಟನ್ ಒತ್ತುವಲ್ಲಿ. ಮೇಲ್ ಬಂದಿರುವುದು ಮೇಷ್ಟ್ರಿಂದ. ಹಾಗಾಗಿ Reply ಒತ್ತಿದರೆ ಉತ್ತರ ಮೇಷ್ಟ್ರೊಬ್ಬರಿಗೇ ಹೋಗುತ್ತದೆ, ಮೇಡಂಗೆ ತಲುಪುವುದೇ ಇಲ್ಲ. ಹುಡುಗ ‘ಬರೆದೆನಲ್ಲ’ ಎಂದುಕೊಂಡು ಕೂರುತ್ತಾನೆ, ಅತ್ತ ಮೇಡಂ ‘ಮೇಷ್ಟ್ರ ಶಿಷ್ಯನಿಗೆ ಆಸಕ್ತಿ ಇಲ್ಲವೇನೋ’ ಎಂದುಕೊಳ್ಳುತ್ತಾರೆ. ಒತ್ತಬೇಕಾದದ್ದು Reply all. ಒತ್ತಿದ ಮೇಲೆ To ಸಾಲಿನ ತುದಿಯಲ್ಲಿರುವ ಕೆಳಮುಖದ ಗುರುತನ್ನು ಮುಟ್ಟಿದರೆ Cc, Bcc ಸಾಲುಗಳು ತೆರೆದುಕೊಳ್ಳುತ್ತವೆ. ಮೇಷ್ಟ್ರ ವಿಳಾಸವನ್ನು ಮೇಲಿನ ಸಾಲಿನಿಂದ ಅಳಿಸಿ Bcc ಸಾಲಿನಲ್ಲಿ ಹಾಕಿ. ಕಂಪ್ಯೂಟರಿನಲ್ಲಾದರೆ ಜಿಮೇಲ್‌ನಲ್ಲಿ ವಿಳಾಸವನ್ನು ಮೌಸ್‌ನಿಂದ ಹಿಡಿದು ಎಳೆದೇ ಕೆಳಗೆ ಬಿಡಬಹುದು. To ಸಾಲಿನಲ್ಲಿ ಈಗ ಮೇಡಂ ವಿಳಾಸ ಮಾತ್ರ ಉಳಿದಿರಬೇಕು. ಕಳಿಸುವ ಮುನ್ನ ಅದನ್ನೊಮ್ಮೆ ನೋಡಿ. Subject ಸಾಲನ್ನು ಬದಲಿಸಬೇಡಿ. ಬದಲಿಸಿದರೆ ಪತ್ರ ಬೇರೆ ಸರಣಿಯಾಗಿ ಹೋಗಿ, ಮೇಷ್ಟ್ರ ಮಾತು ಮೇಡಂ ಕಣ್ಣಿಗೆ ಜೊತೆಯಲ್ಲೇ ಬೀಳುವುದಿಲ್ಲ. ಇವನ ಪತ್ರಕ್ಕೆ ಬೆಲೆ ಇರುವುದೇ ಆ ಮಾತಿನಿಂದ.

ಮೇಷ್ಟ್ರನ್ನು Bccಗೆ ಯಾಕೆ ಸರಿಸಬೇಕು? ನಿಮ್ಮ ಉತ್ತರದ ಪ್ರತಿ ಅವರಿಗೆ ಒಮ್ಮೆ ತಲುಪುತ್ತದೆ, ಹುಡುಗ ಬರೆದ ಎಂಬುದು ಗೊತ್ತಾಗುತ್ತದೆ. ಮೇಡಂ ಮರುಉತ್ತರ ಬರೆದಾಗ ಅದು ಇವನಿಗೆ ಮಾತ್ರ ಬರುತ್ತದೆ. ಎಷ್ಟು ಪೆಟ್ಟಿಗೆ, ಯಾವ ಗೇಟು, ಗಾಡಿ ನಂಬರೇನು ಎಂಬ ಇಪ್ಪತ್ತು ಮೇಲ್‌ಗಳನ್ನು ಮೇಷ್ಟ್ರು ಓದಬೇಕಾಗಿಲ್ಲ. ಆದರೆ ಸರಿಸಿದ್ದನ್ನು ಪತ್ರದಲ್ಲೇ ಹೇಳಿಬಿಡಬೇಕು. ಹೇಳದೆ ಸರಿಸಿ, ಮೇಷ್ಟ್ರು ಏನೋ ನೆನಪಾಗಿ Reply all ಒತ್ತಿದರೆ, ಕದ್ದು ಕೇಳಿಸಿಕೊಳ್ಳುತ್ತಿದ್ದರೇನೋ ಎಂಬ ಮುಜುಗರ ಎಲ್ಲರಿಗೂ.

ಪತ್ರ ಹೀಗಿರಬಹುದು:

‘ಮೇಷ್ಟ್ರೇ, ಪರಿಚಯ ಮಾಡಿಸಿದ್ದಕ್ಕೆ ತುಂಬಾ ಧನ್ಯವಾದ. ನಿಮಗೆ ಮೇಲ್‌ಗಳ ಕಾಟ ಬೇಡವೆಂದು ನಿಮ್ಮನ್ನು Bccಗೆ ಹಾಕಿದ್ದೇನೆ.

ಮೇಡಂ, ನಮಸ್ಕಾರ. ನಮ್ಮದು ಮಾಗಡಿ ಕಡೆಯ ಗುಡೇಮಾರನಹಳ್ಳಿ. ಈ ಸಲ ಬಾದಾಮಿ ಮೇ ಮೊದಲ ವಾರದಿಂದ ಕೊಯ್ಲಿಗೆ ಬರುತ್ತದೆ. ಕಾರ್ಬೈಡ್ ಹಾಕುವುದಿಲ್ಲ, ಹುಲ್ಲಿನಲ್ಲೇ ಹಣ್ಣು ಮಾಡುತ್ತೇವೆ. 3 ಕೆ.ಜಿ. ಪೆಟ್ಟಿಗೆ ಮಾಡಿ ಒಂದು ಭಾನುವಾರ ನಿಮ್ಮಲ್ಲಿಗೆ ತರಬಹುದು. ಮೊದಲ ಸಲಕ್ಕೆ 60 ಪೆಟ್ಟಿಗೆ ಸಾಧ್ಯ.

ಬುಧವಾರ ಸಂಜೆ 6ರಿಂದ 7ರೊಳಗೆ ಅಥವಾ ಶನಿವಾರ ಬೆಳಿಗ್ಗೆ 10ರಿಂದ 11ರೊಳಗೆ ಹತ್ತು ನಿಮಿಷ ಫೋನಿನಲ್ಲಿ ಮಾತಾಡಬಹುದೇ? ಯಾವುದು ಅನುಕೂಲ ತಿಳಿಸಿ, ನಾನೇ ಕರೆ ಮಾಡುತ್ತೇನೆ. ನನ್ನ ನಂಬರ್ ಕೆಳಗಿದೆ, ಅದರಲ್ಲೇ ವಾಟ್ಸಾಪ್ ಇದೆ.’

ಇಷ್ಟೇ ಸಾಕು. ತಾತನ ಕಾಲದಿಂದ ತೋಟ ಇದೆ, ಎಷ್ಟು ಎಕರೆ, ಎಷ್ಟು ಮರ ಎಂಬುದೆಲ್ಲ ಫೋನಿನಲ್ಲಿ ಬರಲಿ. ಪೆಟ್ಟಿಗೆಯ ತೂಕ, ಹಣ್ಣು ಮಾಡುವ ವಿಧಾನ ಎರಡನ್ನೂ ಬರೆದದ್ದು ಸುಮ್ಮನೆ ಅಲ್ಲ. ಅಪಾರ್ಟ್‌ಮೆಂಟಿನವರು ಮೊದಲು ಕೇಳುವುದು ಅವನ್ನೇ, ಕಾರ್ಬೈಡ್ ಹಾಕಿ ಹಣ್ಣು ಮಾಡುವುದಕ್ಕೆ ಕಾನೂನಿನಲ್ಲೂ ನಿಷೇಧವಿದೆ. ದರವನ್ನು ಮೊದಲ ಪತ್ರದಲ್ಲಿ ಬರೆಯದಿರುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಕೊಯ್ಲಿನ ವಾರದ ಮಂಡಿ ಬೆಲೆ ನೋಡಿ ಹೇಳುವ ಮಾತನ್ನು ಮೊದಲೇ ಬರೆದು ಕೈ ಕಟ್ಟಿಸಿಕೊಳ್ಳುವುದೇಕೆ? ಫೋಟೊ ಕಳಿಸುವುದಾದರೆ ಒಂದು ಸಾಕು.

ಸಮಯದ ಸಾಲನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ‘ನಿಮಗೆ ಬಿಡುವಾದಾಗ ಹೇಳಿ ಮೇಡಂ’ ಎಂಬುದು ವಿನಯವಾಗಿ ಕೇಳಿಸುತ್ತದೆ, ಆದರೆ ಕ್ಯಾಲೆಂಡರ್ ತೆರೆದು ದಿನ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟುತ್ತದೆ. ಎರಡು ದಿನ ಕೊಟ್ಟರೆ ಅವರು ‘ಶನಿವಾರ’ ಎಂದು ಒಂದೇ ಪದ ಬರೆದು ಮುಗಿಸಬಹುದು. ನೀವು ಕೊಡುವ ಹೊತ್ತಿನಲ್ಲಿ ನೀವು ಸಿಗ್ನಲ್ ಇರುವ ಜಾಗದಲ್ಲಿರಬೇಕು ಎಂಬುದನ್ನೂ ಲೆಕ್ಕ ಹಾಕಿ. ಕೊಯ್ಲಿನ ದಿನ ಬೆಳಿಗ್ಗೆ ಮರದ ಮೇಲಿರುವವನು ಬೆಳಗಿನ ಸಮಯ ಕೊಡಬಾರದು. ಮೇಷ್ಟ್ರ ಮೇಲ್‌ನಲ್ಲಿ ಮೇಡಂ ನಂಬರ್ ಇದ್ದರೂ, ಅವರು ಹೂಂ ಅನ್ನುವ ಮೊದಲೇ ಕರೆ ಮಾಡುವುದು ಬೇಡ. ನಂಬರ್ ಕೊಟ್ಟಿರುವುದು ಮೇಷ್ಟ್ರ ಮೇಲಿನ ವಿಶ್ವಾಸಕ್ಕೆ.

ಮೇಡಂ ನಿಮಗಿಂತ ಮೊದಲೇ ಬರೆದುಬಿಟ್ಟಿದ್ದರೆ ಅವರ ಮೇಲ್‌ಗೇ ಉತ್ತರಿಸಿ, ಅವರ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು ಆಮೇಲೆ ಸಮಯ ಕೇಳಿ. ನಿಮಗೇ ಈ ವ್ಯಾಪಾರ ಬೇಡವಾದರೆ, ಇಡೀ ತೋಟದ ಫಸಲನ್ನು ಆಗಲೇ ವ್ಯಾಪಾರಿಗೆ ಗುತ್ತಿಗೆ ಕೊಟ್ಟಾಗಿದ್ದರೆ, ಅದನ್ನೂ ಅದೇ ದಿನ ಇಬ್ಬರಿಗೂ ಎರಡು ಸಾಲಿನಲ್ಲಿ ತಿಳಿಸಿ. ಇಲ್ಲಿ ಮೇಷ್ಟ್ರನ್ನು Bccಗೆ ಸರಿಸುವ ಅಗತ್ಯವಿಲ್ಲ.

ನಾಲ್ಕು ದಿನ ಕಳೆದರೂ ಉತ್ತರ ಬರಲಿಲ್ಲವೆನ್ನಿ. ಮೊದಲು Spam ನೋಡಿ. ಆಮೇಲೆ Sentನಲ್ಲಿ ನಿಮ್ಮ ಪತ್ರ ತೆರೆದು ಅದು ಮೇಡಂ ವಿಳಾಸಕ್ಕೇ ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಹೋಗಿದ್ದರೆ ಅದರ ಮೇಲೇ Reply ಒತ್ತಿ, ಹೊಸದಾಗಿ ಎರಡು ದಿನ ಸೂಚಿಸಿ ಎರಡು ಸಾಲು ಬರೆಯಿರಿ. ಹಳೆಯ ದಿನಗಳು ದಾಟಿಹೋಗಿರುತ್ತವೆ, ಅವನ್ನೇ ಬಿಟ್ಟರೆ ಪತ್ರ ನಿರ್ಜೀವವಾಗಿ ಕಾಣುತ್ತದೆ. ಅದಕ್ಕೂ ಉತ್ತರವಿಲ್ಲದಿದ್ದರೆ ಮೂರನೆಯ ಮೇಲ್ ಬೇಡ. ಮೇಷ್ಟ್ರಿಗೆ ಖಾಸಗಿಯಾಗಿ ಒಂದೇ ಸಲ ಕೇಳಿ: ‘ಮೇಷ್ಟ್ರೇ, ಮೇಡಂ ಬ್ಯುಸಿ ಇರಬಹುದು. ಅಲ್ಲಿ ಬೇರೆ ಯಾರನ್ನಾದರೂ ಕೇಳಲೇ, ಇಲ್ಲ ಕಾಯಲೇ?’

ಮಾತುಕತೆ ಕುದುರಿದರೆ ಫೋನ್ ಇಟ್ಟ ಅರ್ಧ ಗಂಟೆಯಲ್ಲಿ, ಒಪ್ಪಿದ್ದನ್ನು ಅದೇ ಸರಣಿಯಲ್ಲಿ ಬರೆದು ಹಾಕಿ. ಯಾವ ಭಾನುವಾರ, ಎಷ್ಟು ಪೆಟ್ಟಿಗೆ, ಬೆಲೆ ಎಷ್ಟು, ಹಣ ಸಂಘದಿಂದಲೋ ಮನೆಮನೆಯಿಂದಲೋ, ಕೆಟ್ಟ ಹಣ್ಣು ಬಂದರೆ ಬದಲಿ ಕೊಡುವುದು ಯಾವಾಗ. ವಾಟ್ಸಾಪಿನ ಮಾತು ಗುಂಪಿನ ಗುಡ್ ಮಾರ್ನಿಂಗ್‌ಗಳ ಕೆಳಗೆ ಸೇರಿಹೋಗುತ್ತದೆ, ಮೇಲ್ ಹುಡುಕಿದರೆ ಸಿಗುತ್ತದೆ.

ಮೊದಲ ಗಾಡಿ ಹೋಗಿ ಬಂದ ಮೇಲೆ ಮೇಷ್ಟ್ರಿಗೆ ಪ್ರತ್ಯೇಕವಾಗಿ ಬರೆಯಿರಿ. ಅವರು Bccಯಲ್ಲಿ ನೋಡಿದ್ದು ನಿಮ್ಮ ಒಂದು ಪತ್ರ ಮಾತ್ರ, ಮುಂದೇನಾಯಿತೆಂದು ಅವರಿಗೆ ಗೊತ್ತಿರುವುದಿಲ್ಲ. 60ರಲ್ಲಿ 52 ಪೆಟ್ಟಿಗೆ ಹೋಯಿತು, ಮುಂದಿನ ವಾರ ರಸಪುರಿ ಕೇಳಿದ್ದಾರೆ ಎಂದು ಲೆಕ್ಕ ಸಮೇತ ಹೇಳಿ. ಪಕ್ಕದ ಅಪಾರ್ಟ್‌ಮೆಂಟಿನವರು ಕೇಳಿದಾಗ ಅವರು ಹೇಳುವುದು ಈ ಅಂಕಿಯನ್ನೇ.