ಹಾಫ್‌ಟೈಮ್‌ನಲ್ಲಿ ಸೋಲುತ್ತಿರುವ ತಂಡದೊಂದಿಗೆ ಮಾತು: ಶಾಲಾ ಫುಟ್‌ಬಾಲ್ ಕೋಚ್‌ಗಳಿಗೆ ಸೂಚನೆ

ಫುಟ್‌ಬಾಲ್ ನಿಯಮದಂತೆ ವಿರಾಮ 15 ನಿಮಿಷ ಮೀರುವಂತಿಲ್ಲ. ಶಾಲಾ ಪಂದ್ಯಗಳಲ್ಲಿ ಅಷ್ಟೂ ಸಿಗುವುದು ಅಪರೂಪ. ಮಕ್ಕಳು ನೀರು ಕುಡಿದು ಸುಧಾರಿಸಿಕೊಳ್ಳುವಷ್ಟರಲ್ಲಿ ಮಾತಿಗೆ ಉಳಿಯುವುದು ಎರಡು ಮೂರು ನಿಮಿಷ. ತಂಡ 0–2ರಲ್ಲಿ ಹಿಂದಿದೆ, ಲೆಫ್ಟ್ ಬ್ಯಾಕ್ ಮುಂದೆ ಓಡಿದಾಗ ಖಾಲಿಯಾದ ಜಾಗದಿಂದಲೇ ಎರಡೂ ಗೋಲು ಬಂದಿವೆ ಎಂದುಕೊಳ್ಳಿ.

ಮಾಡಬೇಕಾದ್ದು

1. ಮೊದಲು ನೆರಳಲ್ಲಿ ಕೂರಿಸಿ, ನೀರು ಕೊಡಿ, ನೀವು ಸುಮ್ಮನಿರಿ. ಏದುಸಿರು ಬಿಡುತ್ತಿರುವ ಮಗುವಿನ ಕಿವಿಗೆ ಮಾತು ಇಳಿಯದು. ಆ ಹೊತ್ತಿನಲ್ಲಿ ಯಾರು ಕುಂಟುತ್ತಿದ್ದಾರೆ ನೋಡಿ. ಏನು ಕಂಡಿತೆಂದು ಗೋಲ್‌ಕೀಪರ್‌ನನ್ನು ಕೇಳಿ, ಇಡೀ ಮೈದಾನ ಅವನ ಕಣ್ಣೆದುರಿಗಿರುತ್ತದೆ.

2. ನಿಜವಾಗಿ ಕಂಡ ಒಂದು ಒಳ್ಳೆಯ ಆಟವನ್ನು ಹೇಳಿ: “ಬಲಗಡೆಯಿಂದ ಮೂರು ಸಲ ಅವರ ಬಾಕ್ಸ್‌ವರೆಗೆ ಹೋಗಿದ್ದೀರಿ. ಆ ದಾರಿ ತೆರೆದೇ ಇದೆ.”

3. ತಿದ್ದುವುದು ಒಂದೇ ಇರಲಿ: “ಲೆಫ್ಟ್ ಬ್ಯಾಕ್ ಮುಂದೆ ಹೋದರೆ ಮಧ್ಯದಿಂದ ಒಬ್ಬ ಅವನ ಜಾಗಕ್ಕೆ ಬರಬೇಕು.” ಆ ಒಬ್ಬ ಯಾರೆಂದು ಹೆಸರು ಹಿಡಿದು ಹೇಳಿ. ನೀರಿನ ಬಾಟಲಿಗಳನ್ನು ನೆಲದ ಮೇಲೆ ಸರಿಸಿ ತೋರಿಸಿ.

4. ಹತ್ತಿರದ ಗುರಿ ಕೊಡಿ: “ಮೊದಲ ಹತ್ತು ನಿಮಿಷ ಗೋಲು ಬಿಡಬೇಡಿ. ಆಮೇಲೆ ನಮಗೆ ಒಂದು ಗೋಲು ಬೇಕು.”

5. ಎದ್ದು ಹೋಗುವ ಮುನ್ನ ನೀವು ಹೇಳಿದ್ದನ್ನು ಇಬ್ಬರಿಂದ ಹೇಳಿಸಿ. ಅವರಿಗೆ ಹೇಳಲಾಗದಿದ್ದರೆ ನೀವು ಹೆಚ್ಚು ಮಾತಾಡಿದ್ದೀರಿ.

ಮಾಡಬಾರದ್ದು

1. ಗೋಲು ಯಾರ ತಪ್ಪಿನಿಂದ ಬಂತೆಂದು ಎಲ್ಲರೆದುರು ಹೇಳಬೇಡಿ. ಬೈಸಿಕೊಂಡ ಡಿಫೆಂಡರ್ ಮುಂದೆ ಚೆಂಡು ಬೇಡುವುದಿಲ್ಲ, ಬಂದರೆ ಕಣ್ಣುಮುಚ್ಚಿ ಒದ್ದುಬಿಡುತ್ತಾನೆ. ಮೈದಾನಕ್ಕೆ ಮರಳುವಾಗ ಅವನ ಜೊತೆ ನಡೆಯುತ್ತಾ ಹೇಳಿ: “ಮುಂದಿನ ಚೆಂಡು ನಿನ್ನದೇ, ಕೇಳಿ ತಗೋ.”

2. “ಗೆದ್ದೇ ಗೆಲ್ಲುತ್ತೀರಿ” ಎನ್ನಬೇಡಿ. ಮೂರನೇ ಗೋಲು ಬಿದ್ದ ಕ್ಷಣ ನಿಮ್ಮ ಮಾತಿನ ಮೇಲಿನ ನಂಬಿಕೆಯೂ ಹೋಗುತ್ತದೆ.

3. ರೆಫರಿಯನ್ನು ದೂರಬೇಡಿ. ಮಕ್ಕಳು ಅದನ್ನೇ ಮೈದಾನಕ್ಕೆ ಒಯ್ದು ಕಾರ್ಡ್ ತರುತ್ತಾರೆ.

4. ಗಾಬರಿಯಿಂದ ಎಲ್ಲರ ಜಾಗ ಬದಲಿಸಬೇಡಿ. 2005ರ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಲಿವರ್‌ಪೂಲ್ ಅರ್ಧ ಆಟಕ್ಕೆ 0–3ರಲ್ಲಿತ್ತು. ಕೋಚ್ ಬೆನಿಟೆಜ್ ವಿರಾಮದಲ್ಲಿ ಡಿಫೆಂಡರ್ ಒಬ್ಬರನ್ನು ತೆಗೆದು ಹಾಮನ್‌ರನ್ನು ಮಿಡ್‌ಫೀಲ್ಡ್‌ಗೆ ಇಳಿಸಿದರು, ಜೆರಾರ್ಡ್ ಮುಂದೆ ಹೋಗಲು ಅವಕಾಶವಾಯಿತು. ಮೂರು ಗೋಲು ಬಂದು ಪಂದ್ಯ ಸಮವಾಯಿತು, ಪೆನಾಲ್ಟಿಯಲ್ಲಿ ಲಿವರ್‌ಪೂಲ್ ಗೆದ್ದಿತು. ವೃತ್ತಿಪರರಿಗೇ ಒಂದು ಬದಲಾವಣೆ ಸಾಕಾಯಿತು. ಆಟಗಾರನನ್ನು ಬದಲಿಸಿದರೆ ರೆಫರಿಗೆ ತಿಳಿಸದೆ ಒಳಗೆ ಕಳಿಸಬೇಡಿ.

5. ಪೋಷಕರನ್ನು, ಬೇರೆ ಶಿಕ್ಷಕರನ್ನು ಗುಂಪಿನೊಳಗೆ ಬಿಡಬೇಡಿ. ವಿರಾಮದಲ್ಲಿ ಮಕ್ಕಳಿಗೆ ಕೇಳಬೇಕಾದ್ದು ಒಂದೇ ದನಿ.

ಪಂದ್ಯ ಸೋತರೂ ಎರಡನೇ ಅರ್ಧದಲ್ಲಿ ಎಡಗಡೆಯಿಂದ ಗೋಲು ಬಾರದಿದ್ದರೆ ನಿಮ್ಮ ಮಾತು ಕೆಲಸ ಮಾಡಿದೆ. ಅದನ್ನು ಪಂದ್ಯ ಮುಗಿದ ಕೂಡಲೇ ಮಕ್ಕಳಿಗೆ ಹೇಳಿ.