ಬಾದಾಮಿ ಹಾಲು: ಹಾಲೇ? ಪ್ರೋಟೀನ್ ಎಷ್ಟು?

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮದಂತೆ ಹಾಲೆಂದರೆ ಹಾಲು ಕೊಡುವ ಪ್ರಾಣಿಯ ಕೆಚ್ಚಲಿನಿಂದ ಸ್ರವಿಸಿದ್ದು. ಬಾದಾಮಿ ನೆನೆಸಿ, ರುಬ್ಬಿ, ಸೋಸಿದ ನೀರು ಈ ವ್ಯಾಖ್ಯೆಗೆ ಸೇರದು. ಸಸ್ಯಜನ್ಯ ಪಾನೀಯಗಳಿಗೆ ಹಾಲೆಂಬ ಹೆಸರು ಬಳಸದಂತೆ ಪ್ರಾಧಿಕಾರ 2021ರಲ್ಲಿ ಸೂಚಿಸಿತು. ಮೀನಿನ ಸಾರಿಗೆ ಹಿಂಡುವ ತೆಂಗಿನ ಹಾಲಿಗೆ ಮಾತ್ರ ಈ ತಕರಾರಿಲ್ಲ. ರೂಢಿಯಲ್ಲಿರುವ ಹೆಸರೆಂದು ಅದಕ್ಕೆ ವಿನಾಯಿತಿಯಿದೆ.

ಪರೀಕ್ಷಾರ್ಥಿಗಳು ಇಲ್ಲೇ ಎಡವುತ್ತಾರೆ: ನಂದಿನಿ ಬಾಟಲಿಯಲ್ಲೋ ನಮ್ಮ ಹೋಟೆಲುಗಳಲ್ಲೋ ಸಿಗುವ ಬಾದಾಮಿ ಹಾಲು ನಿಜವಾದ ಹಾಲೇ. ಅದಕ್ಕೆ ಬಾದಾಮಿ, ಸಕ್ಕರೆ ಬೆರೆಸಿರುತ್ತಾರೆ, ಆದ್ದರಿಂದ ಹಾಲಿನ ಪ್ರೋಟೀನ್ ಅದರಲ್ಲಿದೆ. ಪ್ರಶ್ನೆಯಿರುವುದು ಪ್ಯಾಕೆಟ್ಟಿನ ಸಸ್ಯಪಾನೀಯದ ಬಗ್ಗೆ.

100 ಗ್ರಾಂ ಬಾದಾಮಿಯಲ್ಲಿ ಸುಮಾರು 21 ಗ್ರಾಂ ಪ್ರೋಟೀನ್ ಇದೆ. ಆದರೂ ಪಾನೀಯ ಸೊರಗುವುದು ನೀರಿನಿಂದ. ಲೀಟರಿಗೆ 25 ಗ್ರಾಂ ಬಾದಾಮಿ ಹಾಕಿದರೆ ಸಿಗುವುದು ಹೆಚ್ಚೆಂದರೆ ಸುಮಾರು 5 ಗ್ರಾಂ. 200 ಮಿಲಿ ಲೋಟದಲ್ಲಿ 1 ಗ್ರಾಂ. ಅಷ್ಟೇ ಹಸುವಿನ ಹಾಲಿನಲ್ಲಿ 6 ಗ್ರಾಂಗೂ ಮಿಕ್ಕಿದೆ. ಸರಿಗಟ್ಟಬೇಕಾದರೆ ಲೀಟರಿಗೆ 150 ಗ್ರಾಂ ಬಾದಾಮಿ ಬೇಕು, ಸೋಸಿದಾಗ ಚರಟದಲ್ಲಿ ಹೋಗುವ ಪಾಲು ಬೇರೆ. ಗುಣದಲ್ಲೂ ಅಂತರವಿದೆ: ಬಾದಾಮಿಯಲ್ಲಿ ಲೈಸಿನ್ ಎಂಬ ಅಗತ್ಯ ಅಮೈನೋ ಆಮ್ಲ ಕಡಿಮೆ. ಹಾಲು ಬಿಟ್ಟ ಮಗುವಿಗೆ ಬಾದಾಮಿ ಪಾನೀಯವನ್ನು ಬದಲಿಯಾಗಿ ಕೊಡುವವರು ಈ ಅಂತರವನ್ನು ತಿಳಿದಿರಲೇಬೇಕು. ಪ್ರೋಟೀನಿನಲ್ಲಿ ಹಸುವಿನ ಹಾಲಿಗೆ ಹತ್ತಿರ ಬರುವ ಸಸ್ಯಪಾನೀಯ ಸೋಯಾದ್ದು.